ಐದೂವರೆಗೆ ಸ್ಟೇಷನ್ನಿಗೆ ಬಾ

“ಸಂಜಿ ಆರರ ಮ್ಯಾಲೆ ಹೆಣ್ಮಕ್ಕಳನ್ನ ಸ್ಟೇಷನ್ನಿಗೆ ಕರಿಯಂಗಿಲ್ರಿ, ಕಾನೂನ ಐತಿ.” ವಾಸ್ಕೋ ಬಳಿಯ ಜುವಾರಿನಗರದಲ್ಲಿ, ಮಡಗಾಂವ್, ಮಾಪುಸಾಗಳ ಬಾಡಿಗೆ ಖೋಲಿಗಳಲ್ಲಿ, ವಿಜಯಪುರ ಬಾಗಲಕೋಟೆ ಕಡೆಯಿಂದ ಗೋವಾಕ್ಕೆ ದುಡಿಯಲು ಹೋದವರ ಬಾಯಲ್ಲಿ ಈ ಮಾತು ಸಲೀಸಾಗಿ ಬರುತ್ತದೆ. ಅದರ ಬೆನ್ನಿಗೇ ಇನ್ನೊಂದು: “ಲೇಡಿ ಪೊಲೀಸ್ ಇರಬೇಕ್ರಿ.” ಓದಿದವರೂ ಇದನ್ನೇ ಹೇಳುತ್ತಾರೆ. ಹೆಂಗಸರ ವಿಚಾರಣೆಯ ನಿಯಮವೆಂದರೆ ಒಂದು ಗಡಿಯಾರ, ಒಬ್ಬ ಮಹಿಳಾ ಪೇದೆ, ಇಷ್ಟೇ ಎಂದು ನಾವೆಲ್ಲ ನಂಬಿಕೊಂಡಿದ್ದೇವೆ.

ಈ ನಂಬಿಕೆ ಅರೆಬರೆ ತಪ್ಪು ಎಂದಷ್ಟೇ ಆಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಅದು ಪೊಲೀಸರಿಗೆ ಅನುಕೂಲವಾಗುವ ತಪ್ಪು ಎಂಬುದು ನನ್ನ ತಕರಾರು. ಆರರ ಮೇಲೆ ಕರೆಯಬಾರದು ಎಂದು ನಂಬಿದವಳು ಐದೂವರೆಗೆ ಕರೆದರೆ ಹೋಗುತ್ತಾಳೆ. ಲೇಡಿ ಪೊಲೀಸ್ ಇರಬೇಕು ಎಂದು ನಂಬಿದವಳಿಗೆ ಮೂಲೆಯಲ್ಲಿ ಒಬ್ಬ ಮಹಿಳಾ ಪೇದೆ ಕೂತಿರುವುದು ಕಂಡರೆ ಸಾಕು, ಎಲ್ಲ ಸರಿಯಾಗಿಯೇ ನಡೆದಿದೆ ಅನ್ನಿಸುತ್ತದೆ. ಕಾನೂನು ಆಕೆಗೆ ಕೊಟ್ಟಿರುವ ದೊಡ್ಡ ರಕ್ಷಣೆ ಮಾತ್ರ ಆ ಹೊತ್ತಿಗಾಗಲೇ ಕೈಬಿಟ್ಟು ಹೋಗಿರುತ್ತದೆ. ಆ ರಕ್ಷಣೆ ಇರುವುದು ವೇಳೆಯಲ್ಲೂ ಅಲ್ಲ, ಪೇದೆಯಲ್ಲೂ ಅಲ್ಲ, ಜಾಗದಲ್ಲಿ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಯಲ್ಲವ್ವ ಎಂಬ ಹೆಸರು ನಾನು ಇಟ್ಟದ್ದು. ಸಂಗತಿ ಯಾವ ಊರಿಗಾದರೂ ಹೊಂದುವಂಥದು. ಎರಡು ಫ್ಲ್ಯಾಟಿನಲ್ಲಿ ಕಸ ಮುಸುರೆ ಮಾಡುವ ಹೆಂಗಸು. ಒಂದು ಫ್ಲ್ಯಾಟಿನಲ್ಲಿ ಚಿನ್ನದ ಸರ ಕಾಣೆಯಾಗಿದೆ. ಅವಳ ಜೊತೆ ಆಗಾಗ ಕೆಲಸಕ್ಕೆ ಹೋಗುವ ಹದಿಮೂರರ ಮಗಳಿದ್ದಾಳೆ, ಹದಿನಾರರ ಮಗನಿದ್ದಾನೆ. ಮಧ್ಯಾಹ್ನ ಫೋನು ಬರುತ್ತದೆ: “ಸಾಹೇಬ್ ಬುಲಾಯಾ ಹೈ, ಸಾಡೇ ಪಾಂಚ್ ಬಜೇ ಸ್ಟೇಷನ್ ಆಜಾ, ಲಡಕಿ ಕೋ ಭೀ ಲಾ.” ಯಲ್ಲವ್ವ ಕೆಲಸ ಬಿಟ್ಟು ಮಗಳನ್ನು ಕರೆದುಕೊಂಡು ಓಡುತ್ತಾಳೆ. ಏಳೂವರೆಗೆ ಹಿಂತಿರುಗುತ್ತಾಳೆ. ಬಡಿದಿಲ್ಲ, ಬೈದಿದ್ದಾರೆ. ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರೆ. “ಏನೂ ಆಗ್ಲಿಲ್ಲ, ಲೇಡಿ ಪೊಲೀಸ್ ಇದ್ಲು” ಎಂದು ನಿಟ್ಟುಸಿರು ಬಿಡುತ್ತಾಳೆ. ಇಲ್ಲಿ ಎಷ್ಟು ತಪ್ಪುಗಳಾಗಿವೆ ಎಂಬುದು ಅವಳಿಗೆ ಗೊತ್ತಿಲ್ಲ. ನಮಗೂ ಹೆಚ್ಚಾಗಿ ಗೊತ್ತಿಲ್ಲ.

ಮೊದಲು ಗಡಿಯಾರದ ಮಾತು ಮುಗಿಸಿಬಿಡೋಣ. ಕಾನೂನಿನಲ್ಲಿ ಆರು ಗಂಟೆ ಎಂಬುದೇ ಇಲ್ಲ. ಇರುವುದು ಸೂರ್ಯಾಸ್ತ, ಸೂರ್ಯೋದಯ. ಗೋವಾದಲ್ಲಿ ಡಿಸೆಂಬರಿನಲ್ಲಿ ಆರರ ಆಸುಪಾಸಿಗೆ ಮುಳುಗುವ ಸೂರ್ಯ ಜೂನ್ ಕೊನೆಗೆ ಏಳು ದಾಟಿದ ಮೇಲೆ ಮುಳುಗುತ್ತಾನೆ. ಅದಿರಲಿ, ಈ ನಿಯಮ ಹೇಳುವುದು ಬಂಧನದ ಬಗ್ಗೆ, ವಿಚಾರಣೆಯ ಬಗ್ಗೆ ಅಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 46(4)ನೇ ಕಲಮಾಗಿ 2006ರಲ್ಲಿ ಜಾರಿಗೆ ಬಂದು, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43(5)ನೇ ಕಲಮಾಗಿ ಉಳಿದಿದೆ: ವಿಶೇಷ ಸಂದರ್ಭ ಬಿಟ್ಟರೆ ರಾತ್ರಿ ಹೊತ್ತು ಹೆಂಗಸನ್ನು ಬಂಧಿಸಬಾರದು, ಬಂಧಿಸಲೇಬೇಕಾದರೆ ಮಹಿಳಾ ಪೊಲೀಸ್ ಅಧಿಕಾರಿಯೇ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಅಪ್ಪಣೆಯನ್ನು ಮೊದಲೇ ಪಡೆಯಬೇಕು. ಇದಕ್ಕೆ ಹಲ್ಲಿಲ್ಲ ಎನ್ನಲಾಗದು. ಗೋವಾ ಯಾವ ಹೈಕೋರ್ಟಿನ ವ್ಯಾಪ್ತಿಗೆ ಸೇರುತ್ತದೋ ಆ ಬಾಂಬೆ ಹೈಕೋರ್ಟೇ 2018ರಲ್ಲಿ, ದೊಡ್ಡ ಬ್ಯಾಂಕ್ ವಂಚನೆ ಪ್ರಕರಣವೊಂದರಲ್ಲಿ ಸಿಬಿಐ ಒಬ್ಬ ಹೆಂಗಸನ್ನು ಸೂರ್ಯಾಸ್ತದ ಬಳಿಕ ಬಂಧಿಸಿದ್ದು ಕಾನೂನುಬಾಹಿರ ಎಂದು ಹೇಳಿ 50,000 ರೂಪಾಯಿ ಕೊಡಿಸಿತು. ಆದರೆ ಮದ್ರಾಸ್ ಹೈಕೋರ್ಟಿನ ವಿಭಾಗೀಯ ಪೀಠ 2025ರ ಫೆಬ್ರುವರಿಯಲ್ಲಿ, ಈ ನಿಯಮ ಮಾರ್ಗದರ್ಶಕವೇ ಹೊರತು ಕಡ್ಡಾಯವಲ್ಲ, ಮೀರಿದ ಮಾತ್ರಕ್ಕೆ ಬಂಧನ ರದ್ದಾಗದು, ಮೀರಿದ ಅಧಿಕಾರಿ ಕಾರಣ ಕೊಡಬೇಕು ಎಂದಿತು. ಅಂದರೆ ಜನ ಅತಿ ಹೆಚ್ಚು ನೆಚ್ಚಿಕೊಂಡಿರುವ ಗಡಿಯಾರ ಬಂಧನದ ವಿಷಯದಲ್ಲೇ ಅಲುಗಾಡುತ್ತಿದೆ. ಯಲ್ಲವ್ವನನ್ನು ಯಾರೂ ಬಂಧಿಸಿಲ್ಲ. ಅವಳ ಪಾಲಿಗೆ ಈ ನಿಯಮ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಅವಳ ಪಾಲಿಗೆ ಇರುವುದು ಬೇರೆಯದು. ಅದು ಸಂಹಿತೆಯ 179ನೇ ಕಲಂ. ಹಳೆಯ ಸಂಹಿತೆಯಲ್ಲಿ ಇದೇ 160 ಆಗಿತ್ತು. ಪ್ರಕರಣದ ವಿಷಯ ಗೊತ್ತಿರಬಹುದಾದವರನ್ನು ತನಿಖಾಧಿಕಾರಿ ತನ್ನ ಮುಂದೆ ಹಾಜರಾಗಲು ಹೇಳಬಹುದು, ಆದರೆ ಲಿಖಿತ ಆದೇಶದಿಂದ, ಅದೂ ತನ್ನ ಠಾಣೆಯ ಅಥವಾ ಪಕ್ಕದ ಠಾಣೆಯ ಸರಹದ್ದಿನೊಳಗೆ ಇರುವವರನ್ನು. ಮುಂದಿನ ಪರಂತುಕ ಹೀಗೆ: ಹದಿನೈದರ ಒಳಗಿನ ಹುಡುಗ, ಅರವತ್ತು ದಾಟಿದ ಗಂಡಸು, ಯಾವುದೇ ಹೆಂಗಸು, ಅಂಗವಿಕಲರು, ತೀವ್ರ ಕಾಯಿಲೆಯವರು, ಇವರನ್ನು ಅವರು ವಾಸಿಸುವ ಜಾಗ ಬಿಟ್ಟು ಬೇರೆಲ್ಲಿಗೂ ಬರಲು ಹೇಳುವಂತಿಲ್ಲ. ಬೆಳಿಗ್ಗೆ ಹತ್ತಕ್ಕೂ ಇಲ್ಲ, ಮಧ್ಯಾಹ್ನ ಮೂರಕ್ಕೂ ಇಲ್ಲ, ಹತ್ತು ಜನ ಮಹಿಳಾ ಪೇದೆಯರಿದ್ದರೂ ಇಲ್ಲ. ಪ್ರಶ್ನೆಯಿದ್ದರೆ ಪೊಲೀಸರು ಅವಳ ಖೋಲಿಗೆ ಹೋಗಬೇಕು. ಕಾನೂನಿನ ಭಾಷೆಯಲ್ಲಿ ಹೆಂಗಸು ಎಂದರೆ ಯಾವ ವಯಸ್ಸಿನ ಹೆಣ್ಣಾದರೂ ಸರಿ, ಹಾಗಾಗಿ ಹದಿಮೂರರ ಮಗಳೂ ಇದರೊಳಗೆ ಬಂದಳು.

ಬಾಯಿಮಾತಿನ ಫೋನು ಲಿಖಿತ ಆದೇಶವಲ್ಲ. ವಾಟ್ಸಾಪಿನಲ್ಲಿ ಕಳಿಸಿದ ನೋಟಿಸೂ ಅಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹಾಗೆ ನೋಟಿಸು ಜಾರಿ ಮಾಡಕೂಡದೆಂದು ರಾಜ್ಯಗಳಿಗೆ ತಿಳಿಸಿದೆ. ಇನ್ನೂ ಒಂದು ಸಂಗತಿಯನ್ನು ಎಷ್ಟು ಜನ ಬಲ್ಲರೋ ಕಾಣೆ: ಕಾನೂನು ಬೇಡವೆಂದಿರುವ ಜಾಗಕ್ಕೆ ಒಬ್ಬರನ್ನು ತನಿಖೆಗಾಗಿ ಗೊತ್ತಿದ್ದೂ ಕರೆಸಿಕೊಳ್ಳುವ ಸರ್ಕಾರಿ ನೌಕರನದೇ ಒಂದು ಅಪರಾಧ. ದಿಲ್ಲಿಯ 2012ರ ಘಟನೆಯ ನಂತರ ಬಂದ ತಿದ್ದುಪಡಿ ದಂಡ ಸಂಹಿತೆಗೆ 166ಎ ಎಂಬ ಕಲಮನ್ನು ಸೇರಿಸಿತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 199. ಕನಿಷ್ಠ ಆರು ತಿಂಗಳು, ಗರಿಷ್ಠ ಎರಡು ವರ್ಷ ಕಠಿಣ ಸಜೆ, ಮೇಲೆ ದಂಡ. ಆರು ಗಂಟೆಯ ಕಥೆ ಊರೆಲ್ಲ ಹಬ್ಬಿತು, ಇದು ಪುಸ್ತಕದಲ್ಲೇ ಕೂತಿತು.

ಜಾಗದ ನಿಯಮಕ್ಕೆ ಸುಪ್ರೀಂ ಕೋರ್ಟು ಬಲ ತುಂಬಿದ ಪ್ರಕರಣ ಒಬ್ಬ ಮಾಜಿ ಮುಖ್ಯಮಂತ್ರಿಯದು ಎಂಬುದನ್ನೂ ಇಲ್ಲೇ ಹೇಳಬೇಕು. 1977ರಲ್ಲಿ ಒಡಿಶಾದ ನಂದಿನಿ ಸತ್ಪತಿಯವರನ್ನು ಕಟಕ್‌ನ ವಿಜಿಲೆನ್ಸ್ ಪೊಲೀಸರು ಠಾಣೆಗೆ ಕರೆಸಿ ಪ್ರಶ್ನೆಗಳ ಉದ್ದ ಪಟ್ಟಿ ಮುಂದಿಟ್ಟರು. ಅವರು ಉತ್ತರಿಸಲಿಲ್ಲ, ಮೊಕದ್ದಮೆ ಬಿತ್ತು. 1978ರ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಹೆಂಗಸನ್ನು ಠಾಣೆಗೆ ಕರೆಸಿದ್ದೇ 160ರ ಪರಂತುಕದ ಉಲ್ಲಂಘನೆ ಎಂದು ಬೊಟ್ಟು ಮಾಡಿದರು. ಅಲ್ಲಿ ಆಕೆ ಸಾಕ್ಷಿಯಲ್ಲ, ಆರೋಪಿ. ಆದರೂ ನಿಯಮ ಆಕೆಗೆ ಅನ್ವಯಿಸಿತು.

ಇನ್ನು ಲೇಡಿ ಪೊಲೀಸ್. 1983ರಲ್ಲಿ, ಬಾಂಬೆಯ ಲಾಕಪ್ಪುಗಳಲ್ಲಿದ್ದ ಹೆಂಗಸರ ಸ್ಥಿತಿಯನ್ನು ಪತ್ರಕರ್ತೆ ಶೀಲಾ ಬಾರ್ಸೆ ಸುಪ್ರೀಂ ಕೋರ್ಟಿಗೆ ಪತ್ರ ಬರೆದು ತಿಳಿಸಿದಾಗ, ಹೆಂಗಸರ ವಿಚಾರಣೆ ಮಹಿಳಾ ಪೊಲೀಸರ ಸಮ್ಮುಖದಲ್ಲೇ ನಡೆಯಬೇಕೆಂಬ ಆದೇಶ ಬಂತು. ನಮ್ಮ ನಂಬಿಕೆಯ ಬೇರು ಇಲ್ಲಿದೆ. ಅದು ಲಾಕಪ್ಪಿನೊಳಗಿನ ಹೆಂಗಸಿಗೆ ಕೊಟ್ಟ ರಕ್ಷಣೆ; ಅದನ್ನು ಹೊರಗಿನವಳನ್ನು ಒಳಗೆ ಕರೆಸಲು ಪರವಾನಗಿಯಂತೆ ಬಳಸಲಾಗುತ್ತಿದೆ. ಸಂಹಿತೆ ಇನ್ನೂ ಗಟ್ಟಿಯಾದದ್ದನ್ನು ಕೇಳುತ್ತದೆ, ಆದರೆ ಕೆಲವೇ ಪ್ರಕರಣಗಳಲ್ಲಿ: ಲೈಂಗಿಕ ಅಪರಾಧಕ್ಕೋ ಆಸಿಡ್ ದಾಳಿಗೋ ಗುರಿಯಾದ ಹೆಂಗಸಿನ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ದಾಖಲಿಸಬೇಕು. ದಾಖಲಿಸಬೇಕು ಎಂದರೆ ಪ್ರಶ್ನೆ ಕೇಳಬೇಕು, ಕೇಳಿಸಿಕೊಳ್ಳಬೇಕು, ಬರೆಯಬೇಕು. ಗಂಡಸು ಅಧಿಕಾರಿ ಬಾಯಲ್ಲಿ ಹೇಳುತ್ತ ಕಂಪ್ಯೂಟರಿನಲ್ಲಿ ಟೈಪು ಮಾಡಿಸುವಾಗ ಪಕ್ಕದ ಕುರ್ಚಿಯಲ್ಲಿ ಕೂತಿರುವುದು ದಾಖಲಿಸುವುದಲ್ಲ. ಇದನ್ನು ಪತ್ತೆ ಮಾಡುವುದು ಕಷ್ಟವಲ್ಲ. ಹೇಳಿಕೆಯ ಕೊನೆಯಲ್ಲಿ ಯಾರ ಮುಂದೆ ದಾಖಲಾಯಿತೆಂದು ಯಾರ ಸಹಿ ಇದೆ, ಆಕೆಯ ದರ್ಜೆಯೇನು, ಆ ಹೊತ್ತಿನಲ್ಲಿ ಆಕೆ ಯಾವ ಕೆಲಸದಲ್ಲಿದ್ದಳೆಂದು ಠಾಣೆಯ ಡೈರಿ ಹೇಳುತ್ತದೆ, ಇವನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು. 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಪ್ರತಿ ಠಾಣೆಯ ಬಾಗಿಲು, ಪಡಸಾಲೆ, ಅಧಿಕಾರಿಗಳ ಕೋಣೆಗಳಲ್ಲೂ ಧ್ವನಿಸಹಿತ ಸಿಸಿಟಿವಿ ಇರಬೇಕು, ದೃಶ್ಯಗಳನ್ನು ಹದಿನೆಂಟು ತಿಂಗಳು ಉಳಿಸಬೇಕು ಎಂದಿದೆ. ಐದೂವರೆಗೆ ಒಳಗೆ ಹೋದವಳು ಏಳೂವರೆಗೆ ಹೊರಬಂದದ್ದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನಾವುದು?

ಹೆಬ್ಬೆಟ್ಟಿನ ವಿಷಯ ಹೇಳದೆ ಹೋದರೆ ತಪ್ಪಾದೀತು. ತನಿಖೆಯಲ್ಲಿ ಸಾಕ್ಷಿ ಕೊಟ್ಟ ಹೇಳಿಕೆಗೆ ಸಹಿ ಹಾಕಿಸಕೂಡದು, ಇದು ಸಂಹಿತೆಯ 181ನೇ ಕಲಂ. ಯಲ್ಲವ್ವ ಕನ್ನಡದಲ್ಲಿ ಯೋಚಿಸಿ, ಅರೆಬರೆ ಹಿಂದಿಯಲ್ಲಿ ಹೇಳಿ, ಕೊಂಕಣಿ ಮಾತಾಡುವವರು ಅದನ್ನು ಇಂಗ್ಲಿಷಿನಲ್ಲಿ ಬರೆದುಕೊಂಡ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದಾಳೆ. ಮೂರು ಭಾಷೆ ದಾಟಿದ ಮಾತು ಯಾರದು ಎಂದು ಹೇಳುವುದು ಕಷ್ಟ.

ಗೋವಾದ ಪೊಲೀಸರಿಗೆ ಈ ನಿಯಮಗಳು ಗೊತ್ತಿಲ್ಲ ಎನ್ನುವ ಹಾಗಿಲ್ಲ. 2013ರ ನವೆಂಬರಿನಲ್ಲಿ ಬಾಂಬೋಲಿಮ್‌ನ ಐಷಾರಾಮಿ ಹೋಟೆಲಿನಲ್ಲಿ ತನ್ನ ಸಂಪಾದಕ ತರುಣ್ ತೇಜಪಾಲ್ ಲೈಂಗಿಕ ದೌರ್ಜನ್ಯ ಎಸಗಿದರೆಂದು ಪತ್ರಕರ್ತೆಯೊಬ್ಬರು ಆರೋಪಿಸಿದಾಗ, ಕ್ರೈಂ ಬ್ರ್ಯಾಂಚಿನ ತನಿಖಾಧಿಕಾರಿಯಾಗಿದ್ದವರು ಮಹಿಳೆ, ಸುನೀತಾ ಸಾವಂತ್. ದೂರುದಾರಳು ಇದ್ದ ಮುಂಬೈಗೇ ಗೋವಾ ಪೊಲೀಸರು ಹೋಗಿ ಹೇಳಿಕೆ ಪಡೆದರು. ಹಾಗೆ ಮಾಡಿದ್ದು ಸರಿ. ಕಾನೂನು ಹೇಳಿದ್ದೂ ಅದನ್ನೇ. ಐನೂರು ಕಿಲೋಮೀಟರಿಗೂ ದೂರ ಹೋಗಬಲ್ಲ ನಿಯಮ, ಠಾಣೆಯಿಂದ ಕೂಗಳತೆಯಲ್ಲಿರುವ ಖೋಲಿಗೆ ಯಾಕೆ ಹೋಗುವುದಿಲ್ಲ ಎಂಬುದು ನನ್ನ ಪ್ರಶ್ನೆ. ಅದೇ ಪ್ರಕರಣ ಎರಡನೆಯ ನಂಬಿಕೆಗೂ ಉತ್ತರ ಕೊಡುತ್ತದೆ. ತನಿಖಾಧಿಕಾರಿ ಮಹಿಳೆ, ನ್ಯಾಯಾಧೀಶರೂ ಮಹಿಳೆ. 2021ರ ಮೇ 21ರಂದು ಮಾಪುಸಾದ ಕೋರ್ಟು ತೇಜಪಾಲರನ್ನು ಖುಲಾಸೆ ಮಾಡಿತು. 527 ಪುಟದ ಆ ತೀರ್ಪು ಸಿಸಿಟಿವಿ ದೃಶ್ಯಗಳ ವಿಷಯದಲ್ಲಿ ತನಿಖೆಯ ಲೋಪಗಳನ್ನು ಎತ್ತಿ ತೋರಿಸಿತು. ದೂರುದಾರಳ ನಡವಳಿಕೆಯನ್ನು ತೀರ್ಪು ಅಳೆದ ರೀತಿಗೆ ಹೊರಗೆ ತೀವ್ರ ಟೀಕೆ ಬಂತು, ಸರ್ಕಾರ ಮೇಲ್ಮನವಿ ಹೋಯಿತು. ಯಾರ ಪರವಾಗಿ ನಿಂತು ನೋಡಿದರೂ ಒಂದು ಮಾತು ಒಪ್ಪಲೇಬೇಕು: ಕುರ್ಚಿಯಲ್ಲಿ ಹೆಣ್ಣು ಕೂತಿರುವುದರಿಂದಲೇ ತನಿಖೆ ಚೊಕ್ಕವಾಗುವುದಿಲ್ಲ, ಪ್ರಶ್ನೆ ಮೆತ್ತಗಾಗುವುದಿಲ್ಲ.

ಪೊಲೀಸರ ಕಡೆಯ ವಾದವೊಂದಿದೆ, ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹತ್ತಡಿಯ ಖೋಲಿಯ ಮುಂದೆ ಪೊಲೀಸ್ ಜೀಪು ನಿಂತರೆ ಸಂಜೆಯೊಳಗೆ ಇಡೀ ಚಾಳಿಗೆ ಗೊತ್ತಾಗುತ್ತದೆ. ಕದ್ದಳೋ ಬಿಟ್ಟಳೋ, ಮಾರನೆಯ ದಿನದಿಂದ ಅವಳಿಗೆ ಕೆಲಸವಿಲ್ಲ. “ನಾನೇ ಬರ್ತೀನ್ರಿ, ಮನೀ ಕಡೆ ಬರಬ್ಯಾಡ್ರಿ” ಎನ್ನುವ ಹೆಂಗಸರು ಇದ್ದಾರೆ. ಗಂಡನ ಮೇಲೇ ಅನುಮಾನವಿದ್ದರೆ ಮನೆಯಷ್ಟು ಕೆಟ್ಟ ಜಾಗ ಬೇರೊಂದಿಲ್ಲ. ಇನ್ನು ಮಾಲೀಕರ ಮನೆಯಲ್ಲೇ ಉಳಿದು ಕೆಲಸ ಮಾಡುವ ಹುಡುಗಿಯ ಪಾಡು ನೋಡಿ: ಅವಳು ವಾಸಿಸುವ ಜಾಗವೆಂದರೆ ದೂರು ಕೊಟ್ಟವರ ಮನೆ. ಕಾನೂನಿನ ಅಕ್ಷರ ಪಾಲಿಸಿದರೆ, ಕಳ್ಳತನದ ಆರೋಪ ಹೊರಿಸಿದ ಒಡತಿಯ ಸೋಫಾದ ಮುಂದೆಯೇ ಅವಳನ್ನು ನಿಲ್ಲಿಸಿ ಕೇಳಬೇಕಾಗುತ್ತದೆ. ಅಲ್ಲಿ ಠಾಣೆಯೇ ವಾಸಿ ಎನ್ನಿಸಿದರೆ ಆಶ್ಚರ್ಯವಿಲ್ಲ.

2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಸಂಹಿತೆ ಇದಕ್ಕಾಗಿಯೇ ಇನ್ನೊಂದು ಪರಂತುಕ ಸೇರಿಸಿದೆ: ಇಂಥವರು ತಾವಾಗಿ ಠಾಣೆಗೆ ಬರಲು ಒಪ್ಪಿದರೆ ಬರಬಹುದು. ಕಾಗದದ ಮೇಲೆ ಸರಿಯಾಗಿಯೇ ಇದೆ. ಆದರೆ ಒಪ್ಪಿದಳು ಎಂಬುದನ್ನು ಯಾರು ಹೇಳಬೇಕು, ಯಾವ ಭಾಷೆಯಲ್ಲಿ, ಯಾವಾಗ, ಯಾರ ಎದುರು? ಪರಂತುಕದಲ್ಲಿ ಅದರ ಸುದ್ದಿಯಿಲ್ಲ. ಫೋನಿನಲ್ಲಿ “ಆಜಾ” ಎಂದರು, ಅವಳು ಬಂದಳು, ಬಂದದ್ದೇ ಒಪ್ಪಿಗೆಯಾಯಿತು. ಸುಮಾರು ಅರ್ಧ ಶತಮಾನ ಹಿಂದೆ ಕಟಕ್‌ನಲ್ಲಿ ಉಲ್ಲಂಘನೆಯಾದದ್ದು ಇಂದು ಒಂದೇ ಸಾಲಿನಲ್ಲಿ ಸ್ವಇಚ್ಛೆಯಾಗಿಬಿಡಬಹುದು. ನನ್ನ ಮಟ್ಟಿಗೆ ಸರಿಯಾದ ದಾರಿ ಬೇರೆ. ಅತ್ಯಾಚಾರಕ್ಕೆ ಗುರಿಯಾದವರಿಗೆ ಕಾನೂನು ಈಗಾಗಲೇ ‘ಆಕೆಯ ಮನೆ ಅಥವಾ ಆಕೆ ಬಯಸಿದ ಜಾಗ’ ಎಂಬ ಆಯ್ಕೆ ಕೊಟ್ಟಿದೆ. ಆ ಆಯ್ಕೆಯನ್ನು ಎಲ್ಲ ಹೆಂಗಸರಿಗೂ ವಿಸ್ತರಿಸಲಿ. ಪಂಚಾಯ್ತಿ ಕಚೇರಿಯಾಗಲಿ, ಶಾಲೆಯಾಗಲಿ, ಗೆಳತಿಯ ಮನೆಯಾಗಲಿ. ಠಾಣೆಯನ್ನೇ ಆರಿಸಿದರೆ, ಹಾಗೆಂದು ಅವಳ ಭಾಷೆಯಲ್ಲಿ, ಅವಳು ಹೊರಡುವ ಮೊದಲೇ ಬರೆದುಕೊಳ್ಳಲಿ.

ಮಕ್ಕಳ ವಿಷಯಕ್ಕೆ ಬಂದರೆ ಗೋವಾಕ್ಕೆ ಒಂದು ಹೆಗ್ಗಳಿಕೆಯಿದೆ, ಅದು ನೋವಿನಿಂದ ಬಂದದ್ದು. 1991ರಲ್ಲಿ ಮಡಗಾಂವಿನ ಫಾತೋರ್ಡಾದಲ್ಲಿ ಅನಾಥಾಶ್ರಮದ ಹೆಸರಿನಲ್ಲಿ ಹುಡುಗರನ್ನು ವಿದೇಶಿಯರ ಶೋಷಣೆಗೆ ಒಡ್ಡುತ್ತಿದ್ದ ಫ್ರೆಡ್ಡಿ ಪೀಟ್ಸ್ ಸಿಕ್ಕಿಬಿದ್ದ. 1996ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. 2003ರಲ್ಲಿ ರಾಜ್ಯ ತನ್ನದೇ ಗೋವಾ ಮಕ್ಕಳ ಕಾಯ್ದೆ ಮಾಡಿ ಮಕ್ಕಳ ನ್ಯಾಯಾಲಯ ಸ್ಥಾಪಿಸಿತು. ದೇಶಕ್ಕೆ ಪೋಕ್ಸೋ ಬಂದದ್ದು 2012ರಲ್ಲಿ. ಪೋಕ್ಸೋ ವಿಚಾರಣೆಯ ನಿಯಮವನ್ನು ಎಷ್ಟು ಬಿಡಿಸಿ ಹೇಳುತ್ತದೆಂದರೆ, ಅದನ್ನು ಓದಿದ ಮೇಲೆ ಉಳಿದ ಕಾನೂನುಗಳು ಸೋಮಾರಿಯಾಗಿ ಕಾಣುತ್ತವೆ: ಮಗುವಿನ ಮನೆಯಲ್ಲಿ ಅಥವಾ ಮಗು ಬಯಸಿದಲ್ಲಿ, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳೆ, ಸಮವಸ್ತ್ರವಿಲ್ಲದೆ ಮಫ್ತಿಯಲ್ಲಿ, ತಂದೆತಾಯಿ ಅಥವಾ ಮಗು ನಂಬುವವರ ಎದುರಿನಲ್ಲಿ, ಬೇಕಿದ್ದರೆ ದುಭಾಷಿಯ ಸಹಾಯದಿಂದ, ಯಾವ ಕಾರಣಕ್ಕೂ ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳದೆ. ಒಬ್ಬ ಪೇದೆ ಮೂಲೆಯಲ್ಲಿ ಕೂತರಾಯಿತು ಎಂಬ ಮಾತಿಗೆ ಇಲ್ಲಿ ಎಡೆಯೇ ಇಲ್ಲ. ಆದರೆ ಇದೆಲ್ಲ ಲೈಂಗಿಕ ಅಪರಾಧಕ್ಕೆ ಗುರಿಯಾದ ಮಗುವಿಗೆ.

ಯಲ್ಲವ್ವನ ಮಗಳು ಸರ ಕಳೆದ ದಿನ ಆ ಮನೆಯಲ್ಲಿದ್ದ ಸಾಕ್ಷಿ ಮಾತ್ರ. ಅವಳನ್ನು ಕಾಯುವುದು 179ರ ‘ಹೆಂಗಸು’ ಎಂಬ ಒಂದೇ ಪದ. ಅವಳನ್ನು ಮನೆಯಲ್ಲೇ ಕೇಳಬೇಕು, ಅಷ್ಟೇ; ಮಫ್ತಿ, ದುಭಾಷಿ, ಪಕ್ಕದಲ್ಲಿ ತಾಯಿ, ಯಾವುದೂ ಆ ಕಲಮಿನಲ್ಲಿ ಇಲ್ಲ. ಅನುಮಾನ ಅವಳ ಕಡೆಗೇ ತಿರುಗಿದರೆ, ವಿಚಿತ್ರವೆಂದರೆ, ರಕ್ಷಣೆ ಹೆಚ್ಚುತ್ತದೆ. ಆಗ 2015ರ ಬಾಲನ್ಯಾಯ ಕಾಯ್ದೆ ಮತ್ತು 2016ರ ಮಾದರಿ ನಿಯಮಗಳು ಬರುತ್ತವೆ. ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯೇ ಮಾತಾಡಿಸಬೇಕು, ಮಕ್ಕಳಿಗೆಂದೇ ಇರುವ ಜಾಗದಲ್ಲಿ ಮಾತಾಡಿಸಬೇಕು, ಲಾಕಪ್ಪು ಬೇಡಿ ಎರಡೂ ಕೂಡದು, ತಪ್ಪೊಪ್ಪಿಗೆಗೆ ಒತ್ತಾಯಿಸಕೂಡದು, ಯಾವ ಹೇಳಿಕೆಗೂ ಸಹಿ ಹಾಕಿಸಕೂಡದು. ಘೋರ ಅಪರಾಧವಲ್ಲದಿದ್ದರೆ, ದೊಡ್ಡವರ ಜೊತೆಗೂಡಿ ಮಾಡಿದ್ದೂ ಅಲ್ಲದಿದ್ದರೆ, ಮಗುವಿನ ಮೇಲೆ ಎಫ್‌ಐಆರ್ ಕೂಡ ಇಲ್ಲ, ಡೈರಿಯಲ್ಲಿ ದಾಖಲಿಸಿ ಮಗುವಿನ ಮನೆಯ ಸ್ಥಿತಿಗತಿಯ ವರದಿಯೊಂದಿಗೆ ಬಾಲನ್ಯಾಯ ಮಂಡಳಿಗೆ ಕಳಿಸಬೇಕು. ಮನೆಗೆಲಸದವರ ಕಳ್ಳತನ ಘೋರ ಅಪರಾಧದ ಪಟ್ಟಿಗೆ ಬರುವುದಿಲ್ಲ.

ಬಿರುಕಿಗೆ ಬೀಳುವವನು ಹದಿನಾರರ ಮಗ. ಅವನು ಹದಿನೈದು ದಾಟಿದ್ದಾನೆ, ಆದ್ದರಿಂದ 179ರ ಪಾಲಿಗೆ ಅವನು ಬೆಳೆದ ಗಂಡಸು. ಲಿಖಿತ ಆದೇಶ ಕೊಟ್ಟು ಠಾಣೆಗೆ ಕರೆಸಬಹುದು. ಹದಿನೆಂಟು ತುಂಬಿಲ್ಲ, ಆದ್ದರಿಂದ ಬಾಲನ್ಯಾಯ ಕಾಯ್ದೆಯ ಪಾಲಿಗೆ ಮಗು. ಆದರೆ ಅದರ ವಿಚಾರಣೆಯ ನಿಯಮಗಳು ಆರೋಪ ಹೊತ್ತವನಿಗೆ. ಬರೀ ಸಾಕ್ಷಿಯಾದ ಹದಿನಾರರ ಹುಡುಗನಿಗೆ ಎಲ್ಲಿ, ಯಾರ ಎದುರು, ಎಷ್ಟು ಹೊತ್ತಿನವರೆಗೆ ಎಂದು ಹೇಳುವ ಸಾಲು ಇವೆರಡರಲ್ಲೂ ಇಲ್ಲ. ಠಾಣೆಗಳಿಗೆ ಇದು ಗೊತ್ತಿಲ್ಲದೆ ಇಲ್ಲ. ಸಾಕ್ಷಿಯೆಂದು ಕರೆಸಿ ಆರೋಪಿಯಂತೆ ಕೇಳುವುದು ಸುಲಭ. ಅನುಮಾನವಿದೆ ಎಂದು ಬರೆದ ಗಳಿಗೆಯಿಂದ ಕಾಯ್ದೆಯ ಕಟ್ಟಳೆಗಳೆಲ್ಲ ಅಂಟಿಕೊಳ್ಳುತ್ತವೆ, ಬರೆಯದೆ ಇರುವವರೆಗೆ ಒಂದೂ ಇಲ್ಲ.

ತಾಯಿಯ ವಿಷಯದಲ್ಲಿ ಆಟ ತಿರುಗುಮುರುಗು. ಸಾಕ್ಷಿಯಾಗಿ ಮನೆಯಿಂದ ಅವಳನ್ನು ಅಲ್ಲಾಡಿಸಲಾಗದು ಎಂದು ಕಂಡರೆ, ಆರೋಪಿ ಎಂದು ಬರೆದು 35(3)ನೇ ಕಲಮಿನ ಹಾಜರಾತಿ ನೋಟಿಸು ಕೊಡಬಹುದು. ಆ ಕಲಮಿನಲ್ಲಿ ಹೆಂಗಸಿಗೆ ಮನೆಯ ರಿಯಾಯಿತಿ ಬರೆದಿಲ್ಲ. ಅಧಿಕಾರಿ ಹೇಳಿದ ಜಾಗಕ್ಕೆ ಹೋಗಬೇಕು, ಹೋಗದಿದ್ದರೆ ಬಂಧನಕ್ಕೆ ಅದೇ ಕಾರಣವಾಗಬಹುದು. ನಂದಿನಿ ಸತ್ಪತಿ ತೀರ್ಪನ್ನು ಮುಂದಿಟ್ಟು, ಆರೋಪಿಯಾದರೂ ಹೆಂಗಸು ಹೆಂಗಸೇ ಎಂದು ವಾದಿಸಬಹುದು. ವಾದಿಸಲು ವಕೀಲರು ಬೇಕು, ಪೊರ್ವೊರಿಮಿನ ಹೈಕೋರ್ಟ್ ಪೀಠದವರೆಗೆ ಹೋಗುವ ಬಸ್ಸಿನ ಚಾರ್ಜು ಬೇಕು, ಎರಡು ಫ್ಲ್ಯಾಟಿನ ಕೆಲಸಕ್ಕೆ ಅಷ್ಟು ದಿನ ರಜೆಯೂ ಬೇಕು. ಯಲ್ಲವ್ವನ ಕೈಯಲ್ಲಿ ಸದ್ಯಕ್ಕೆ ಅಷ್ಟಿಲ್ಲ. ಇರುವುದು ಒಂದು ಫೋನು. ಅದರಲ್ಲಿ ಅವಳು ಕೇಳಬಹುದಾದದ್ದು ಒಂದೇ ಮಾತು: “ಕಾಗದ ಕಳಸ್ರಿ ಸಾಹೇಬ್ರ, ಸಾಕ್ಷಿ ಅಂತ ಕರೀಲಿಕ್ಕತ್ತೀರೋ ಕಳ್ಳಿ ಅಂತ ಕರೀಲಿಕ್ಕತ್ತೀರೋ, ಅದರಾಗ ಬರದು ಕಳಸ್ರಿ.”